0.18 ಓಮ್ ಹಿಡಿಯುವುದು ಹೇಗೆ? ವೀಟ್‌ಸ್ಟೋನ್ ಬ್ರಿಡ್ಜ್ ಕಟ್ಟಿ ನೋಡೋಣ

25 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಪಟ್ಟಿ ತೆಗೆದುಕೊಳ್ಳಿ. ಅದರ ಒಂದು ತುದಿಯನ್ನು ವೈಸ್‌ನಲ್ಲಿ ಬಿಗಿಯಾಗಿ ಹಿಡಿಸಿ. ಹಿಡಿದ ತುದಿಯ ಹತ್ತಿರ, ಪಟ್ಟಿಯ ಮೇಲ್ಭಾಗದಲ್ಲಿ ಒಂದು 350 ಓಮ್ ಸ್ಟ್ರೇನ್ ಗೇಜ್ ಅಂಟಿಸಿ. ಗೇಜ್‌ನಿಂದ 200 ಮಿಲಿಮೀಟರ್ ದೂರದಲ್ಲಿ 1 ಕೆಜಿ ತೂಕ ತೂಗುಹಾಕಿ. ಪಟ್ಟಿ ಬಾಗುತ್ತದೆ, ಮೇಲ್ಮೈ ಹಿಗ್ಗುತ್ತದೆ, ಅದರ ಜೊತೆಗೆ ಗೇಜ್ ಕೂಡ ಹಿಗ್ಗುತ್ತದೆ, ಅದರ ರೋಧ ಏರುತ್ತದೆ. ಎಷ್ಟು ಏರುತ್ತದೆ?

ಪಟ್ಟಿಯ ಲೆಕ್ಕ ಹೀಗಿದೆ. ε ಅಂದರೆ ಹಿಗ್ಗುವಿಕೆಯ ಪಾಲು, F ತೂಕದ ಬಲ, L ಗೇಜ್‌ನಿಂದ ತೂಕಕ್ಕಿರುವ ದೂರ, b ಅಗಲ, h ದಪ್ಪ, E ಉಕ್ಕಿನ ಬಿಗಿತದ ಅಳತೆ:

```
ε = 6FL / (E·b·h²)
  = 6 × 9.8 × 0.2 / (200×10⁹ × 0.025 × 0.003²)
  ≈ 261×10⁻⁶
```

ಅಂದರೆ ಹತ್ತು ಲಕ್ಷದಲ್ಲಿ 261 ಭಾಗ ಹಿಗ್ಗುವಿಕೆ. ಇದನ್ನೇ 261 ಮೈಕ್ರೋಸ್ಟ್ರೇನ್ ಅನ್ನುತ್ತಾರೆ. ಸಾಮಾನ್ಯ ಲೋಹದ ಗೇಜ್‌ನ ಗೇಜ್ ಫ್ಯಾಕ್ಟರ್ ಸುಮಾರು 2. ಹಾಗಾಗಿ ರೋಧ ಇದರ ಎರಡರಷ್ಟು ಪಾಲು, ಅಂದರೆ ಹತ್ತು ಲಕ್ಷದಲ್ಲಿ 523 ಭಾಗ ಬದಲಾಗುತ್ತದೆ. 350 ಓಮ್‌ಗೆ ಇದು 0.18 ಓಮ್.

ಮಲ್ಟಿಮೀಟರ್ ಹಚ್ಚಿ ನೋಡಿ. 2000 ಓಮ್ ರೇಂಜ್‌ನಲ್ಲಿ ಮೂರೂವರೆ ಅಂಕಿಯ ಮೀಟರ್ ಒಂದೊಂದೇ ಓಮ್ ಲೆಕ್ಕದಲ್ಲಿ ತೋರಿಸುತ್ತದೆ. ತೂಕ ಹಾಕುವ ಮೊದಲು 350, ಹಾಕಿದ ಮೇಲೂ 350. ಏನೂ ಆಗಲೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಈ 0.18 ಓಮ್ ಅನ್ನು ಕೈಗೆ ಸಿಗುವಂತೆ ಮಾಡುವುದೇ ಈ ಲೇಖನದ ಕೆಲಸ.

ಮೊದಲು ಅರ್ಧ ಬ್ರಿಡ್ಜ್, ಅದು ಯಾಕೆ ಸಾಲದು

ಗೇಜ್ ಜೊತೆ ಇನ್ನೊಂದು 350 ಓಮ್ ರೆಸಿಸ್ಟರ್ ಅನ್ನು ಸರಣಿಯಲ್ಲಿ ಸೇರಿಸಿ, ಎರಡಕ್ಕೂ ಒಟ್ಟಿಗೆ 5 ವೋಲ್ಟ್ ಕೊಡಿ. ನಡುವಿನ ಬಿಂದುವಿನಲ್ಲಿ 2.5 ವೋಲ್ಟ್ ಸಿಗುತ್ತದೆ. ತೂಕ ಹಾಕಿದಾಗ ಅದು ಬರೀ 0.65 ಮಿಲಿವೋಲ್ಟ್ ಸರಿಯುತ್ತದೆ. 2500 ಮಿಲಿವೋಲ್ಟ್ ಮೇಲೆ 0.65.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಈ ಸಂಕೇತವನ್ನು ದೊಡ್ಡದು ಮಾಡಲು ಆಗುವುದಿಲ್ಲ. 500 ಪಟ್ಟು ಹಿಗ್ಗಿಸಿದರೆ 0.65 ಮಿಲಿವೋಲ್ಟ್ ಸುಮಾರು 0.33 ವೋಲ್ಟ್ ಆಗುತ್ತದೆ, ಸರಿ. ಆದರೆ ಅದರ ಜೊತೆಗಿರುವ 2.5 ವೋಲ್ಟ್ ಕೂಡ 1250 ವೋಲ್ಟ್ ಆಗಬೇಕು! ಆಂಪ್ಲಿಫೈಯರ್ ಅದಕ್ಕೂ ಮೊದಲೇ ಮಿತಿ ಮುಟ್ಟಿ ನಿಂತುಬಿಡುತ್ತದೆ.

ಎರಡನೆಯದು ಇನ್ನೂ ಕೆಟ್ಟದು. ಪವರ್ ಸಪ್ಲೈ ಶೇಕಡ 1ರಷ್ಟು ಅಲುಗಿತು ಅಂದುಕೊಳ್ಳಿ. ನಡುಬಿಂದು 25 ಮಿಲಿವೋಲ್ಟ್ ಸರಿಯುತ್ತದೆ. ಒಂದು ಕೆಜಿಗೆ ಬರುವ ಸಂಕೇತದ ಸುಮಾರು 38 ಪಟ್ಟು. ನೀವು ಅಳೆಯುತ್ತಿರುವುದು ತೂಕವಲ್ಲ, ಸಪ್ಲೈಯ ನಡುಕ.

ಈಗ ಪಕ್ಕದಲ್ಲಿ ಇನ್ನೊಂದು ಜೋಡಿ ರೆಸಿಸ್ಟರ್ ಇಡಿ. ಅದೇ 5 ವೋಲ್ಟ್‌ಗೆ ಅದನ್ನೂ ಕಟ್ಟಿ. ಅದರ ನಡುಬಿಂದುವಿನಲ್ಲೂ 2.5 ವೋಲ್ಟ್ ಇರುತ್ತದೆ. ಮೀಟರಿನ ಒಂದು ತಂತಿಯನ್ನು ಸಪ್ಲೈಯ ಮೈನಸ್ಸಿಗೆ ಹಾಕುವ ಬದಲು ಈ ಎರಡನೇ ನಡುಬಿಂದುವಿಗೆ ಹಾಕಿ. ಆ 2.5 ವೋಲ್ಟ್ ಲೆಕ್ಕದಿಂದಲೇ ಹೋಯಿತು. ಮೀಟರಿಗೆ ಕಾಣುವುದು ವ್ಯತ್ಯಾಸ ಮಾತ್ರ. ಸಪ್ಲೈ ಅಲುಗಿದರೆ ಎರಡೂ ನಡುಬಿಂದು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ವ್ಯತ್ಯಾಸ ಸೊನ್ನೆಯಾಗಿಯೇ ಉಳಿಯುತ್ತದೆ. ಇಷ್ಟೇ ವೀಟ್‌ಸ್ಟೋನ್ ಬ್ರಿಡ್ಜ್. ಇದನ್ನು 1833ರಲ್ಲಿ ಮೊದಲು ವಿವರಿಸಿದವರು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. ಹತ್ತು ವರ್ಷದ ನಂತರ ಚಾರ್ಲ್ಸ್ ವೀಟ್‌ಸ್ಟೋನ್ ಅದನ್ನು ಜನಪ್ರಿಯ ಮಾಡಿದರು, ಹೆಸರು ಅವರದ್ದೇ ಉಳಿಯಿತು.

ಸಮತೋಲದ ಷರತ್ತು

ಬಿಂದುಗಳಿಗೆ ಹೆಸರಿಟ್ಟುಕೊಳ್ಳೋಣ. ಪ್ಲಸ್ಸಿನಿಂದ A ಬಿಂದುವಿನವರೆಗೆ R1, ಅದೇ ನಮ್ಮ ಗೇಜ್. ಅಲ್ಲಿಂದ ಮೈನಸ್ಸಿಗೆ R2. ಇನ್ನೊಂದು ಕಡೆ ಪ್ಲಸ್ಸಿನಿಂದ B ಬಿಂದುವಿಗೆ R3, ಅಲ್ಲಿಂದ ಮೈನಸ್ಸಿಗೆ R4. A ಮತ್ತು B ನಡುವೆ ಮೀಟರ್. ಈ ನಾಲ್ಕು ರೋಧಗಳೇ ಬ್ರಿಡ್ಜಿನ ತೋಳುಗಳು. Vs ಅಂದರೆ ಸಪ್ಲೈ ವೋಲ್ಟೇಜ್.

```
VA = Vs × R2/(R1+R2)
VB = Vs × R4/(R3+R4)
VA = VB ಆಗಲು:  R1/R2 = R3/R4
```

ಕೊನೆಯ ಸಾಲಿನಲ್ಲಿ Vs ಇಲ್ಲ ಎನ್ನುವುದನ್ನು ಗಮನಿಸಿ. ಸಮತೋಲ ಸಪ್ಲೈ ಎಷ್ಟಿದೆ ಎನ್ನುವುದನ್ನು ಕೇಳುವುದೇ ಇಲ್ಲ. ಇನ್ನೊಂದು ವಿಷಯವನ್ನು ಹೊಸಬರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಇಲ್ಲಿ ಬೇಕಿರುವುದು ಅನುಪಾತ ಮಾತ್ರ, ನಾಲ್ಕೂ ರೋಧ ಒಂದೇ ಇರಬೇಕೆಂದಿಲ್ಲ. R1, R2 ಎರಡೂ 350 ಓಮ್ ಇದ್ದು R3, R4 ಎರಡೂ 1000 ಓಮ್ ಇದ್ದರೂ ಬ್ರಿಡ್ಜ್ ಸಮತೋಲದಲ್ಲಿರುತ್ತದೆ. 350 ಓಮ್ ನಿಖರ ರೆಸಿಸ್ಟರ್ ಹುಡುಕುವುದು ಕಷ್ಟ, ಶೇಕಡ 0.1ರ 1 ಕಿಲೋಓಮ್ ಸುಲಭವಾಗಿ ಸಿಗುತ್ತದೆ. ನಾವು ಅದನ್ನೇ ಬಳಸೋಣ.

ಸಮತೋಲಕ್ಕೆ ಹತ್ತಿರ ಇರುವುದು ಯಾಕೆ ಮುಖ್ಯ ಅಂತ ಒಂದು ಲೆಕ್ಕ ನೋಡಿ. ರೆಸಿಸ್ಟರ್‌ಗಳ ಸಣ್ಣ ವ್ಯತ್ಯಾಸದಿಂದ ತೂಕ ಇಲ್ಲದಾಗಲೂ 2.5 ಮಿಲಿವೋಲ್ಟ್ ಬರುತ್ತಿದೆ ಅಂದುಕೊಳ್ಳಿ. ಅದನ್ನು ಸಾಫ್ಟ್‌ವೇರ್‌ನಲ್ಲಿ ಕಳೆದರಾಯಿತು ಅಂತ ಅನ್ನಿಸಬಹುದು. ಆದರೆ ಸಪ್ಲೈ ಶೇಕಡ 1ರಷ್ಟು ಅಲುಗಿದರೆ ಈ 2.5 ಮಿಲಿವೋಲ್ಟ್ ಕೂಡ ಶೇಕಡ 1ರಷ್ಟು, ಅಂದರೆ 25 ಮೈಕ್ರೋವೋಲ್ಟ್ ಬದಲಾಗುತ್ತದೆ. ನಿಮ್ಮ ಸೊನ್ನೆಯೇ ಜಾರಿತು. ಸಮತೋಲದಲ್ಲಿರುವ ಬ್ರಿಡ್ಜಿನ ಸೊನ್ನೆ ಹಾಗೆ ಜಾರುವುದಿಲ್ಲ. ಸೊನ್ನೆಯ ಒಂದು ಪರ್ಸೆಂಟ್ ಕೂಡ ಸೊನ್ನೆಯೇ ತಾನೆ.

ಸೂಕ್ಷ್ಮತೆ: ಎಷ್ಟು ಬದಲಾದರೆ ಎಷ್ಟು ಬರುತ್ತದೆ

ಒಂದೇ ತೋಳಿನ ರೋಧ x ಪಾಲು ಬದಲಾದರೆ, ಅನುಪಾತ 1 ಇರುವ ಬ್ರಿಡ್ಜಿನಿಂದ ಬರುವ ವೋಲ್ಟೇಜ್ ಇಷ್ಟು:

```
V = Vs × x / (4 + 2x)  ≈  Vs × x / 4
```

ನಮ್ಮ ಪಟ್ಟಿಗೆ x ಅಂದರೆ 0.000523. ಐದು ವೋಲ್ಟ್‌ಗೆ 0.65 ಮಿಲಿವೋಲ್ಟ್. ಅರ್ಧ ಬ್ರಿಡ್ಜಿನಲ್ಲಿ ಬಂದಷ್ಟೇ, ಒಂದು ಚೂರೂ ಜಾಸ್ತಿ ಇಲ್ಲ. ಬ್ರಿಡ್ಜ್ ಸಂಕೇತವನ್ನು ದೊಡ್ಡದು ಮಾಡುತ್ತದೆ ಎಂದು ಹಲವರು ಅಂದುಕೊಂಡಿರುತ್ತಾರೆ, ಅದು ಸರಿಯಲ್ಲ. ಅದು ಸುತ್ತಲಿನ ಬೇಡದ ಭಾರವನ್ನು ತೆಗೆದುಹಾಕುತ್ತದೆ. ಆಮೇಲೆ ದೊಡ್ಡದು ಮಾಡುವ ಕೆಲಸ ಆಂಪ್ಲಿಫೈಯರ್‌ನದ್ದು.

ಹಾಗಾದರೆ ಸೂಕ್ಷ್ಮತೆ ಹೆಚ್ಚಿಸುವುದು ಹೇಗೆ? ಮೊದಲ ದಾರಿ ಅನುಪಾತ. R2 ಅನ್ನು R1ರ r ಪಟ್ಟು ಇಟ್ಟರೆ ಸಂಕೇತ r/(1+r)² ಲೆಕ್ಕದಲ್ಲಿ ಬರುತ್ತದೆ. r = 1 ಇದ್ದಾಗ ಇದು 0.25, ಅದೇ ಗರಿಷ್ಠ. r = 10 ಮಾಡಿದರೆ 0.083, ಅಂದರೆ ಮೂರನೇ ಒಂದು ಭಾಗ. ಆದ್ದರಿಂದ ಸಪ್ಲೈ ಇಷ್ಟೇ ಎಂದು ನಿಗದಿಯಾಗಿದ್ದರೆ ಪಕ್ಕದ ತೋಳು ಗೇಜ್‌ನಷ್ಟೇ ಇರಲಿ.

ಎರಡನೆಯದು ಸಪ್ಲೈ. 5 ವೋಲ್ಟ್ ಬದಲು 10 ಕೊಟ್ಟರೆ ಸಂಕೇತ ಎರಡರಷ್ಟು. ಆದರೆ ಗೇಜ್‌ನಲ್ಲಿ ಹುಟ್ಟುವ ಶಾಖ ನಾಲ್ಕರಷ್ಟು. 5 ವೋಲ್ಟ್‌ಗೆ ಪ್ರತಿ ಗೇಜ್ ಮೇಲೆ 2.5 ವೋಲ್ಟ್ ಬೀಳುತ್ತದೆ, ಶಾಖ ಸುಮಾರು 18 ಮಿಲಿವ್ಯಾಟ್. ಉಕ್ಕು ಇದನ್ನು ಹೀರಿಕೊಂಡು ಹರಡಿಬಿಡುತ್ತದೆ. ಪ್ಲಾಸ್ಟಿಕ್ ಮೇಲೆ ಅಂಟಿಸಿದ ಗೇಜ್‌ಗೆ ಇದು ಜಾಸ್ತಿಯಾಗಬಹುದು, ಅಲ್ಲಿ 1 ಅಥವಾ 2 ವೋಲ್ಟ್‌ಗೆ ಇಳಿಯಿರಿ.

ಮೂರನೆಯದು ನನಗೆ ಹೆಚ್ಚು ಇಷ್ಟವಾದ ದಾರಿ. R2 ಜಾಗದಲ್ಲಿ ಸುಮ್ಮನೆ ರೆಸಿಸ್ಟರ್ ಇಡುವ ಬದಲು ಇನ್ನೊಂದು ಗೇಜ್ ಇಡಿ. ಅದನ್ನು ಪಟ್ಟಿಯ ಕೆಳಭಾಗಕ್ಕೆ, ಮೇಲಿನ ಗೇಜ್‌ನ ನೇರಕ್ಕೆ ಅಂಟಿಸಿ. ಪಟ್ಟಿ ಬಾಗಿದಾಗ ಮೇಲಿನದು ಹಿಗ್ಗುತ್ತದೆ, ಕೆಳಗಿನದು ಅಷ್ಟೇ ಕುಗ್ಗುತ್ತದೆ. R1 ಏರುತ್ತದೆ, R2 ಇಳಿಯುತ್ತದೆ. ಸಂಕೇತ Vs × x / 2 ಆಗುತ್ತದೆ, ಅಂದರೆ 1 ಕೆಜಿಗೆ 1.31 ಮಿಲಿವೋಲ್ಟ್. ಶಾಖವೂ ಹೆಚ್ಚಲಿಲ್ಲ, ಸಪ್ಲೈಯೂ ಹೆಚ್ಚಲಿಲ್ಲ.

ಇದರ ಜೊತೆಗೆ ಪುಕ್ಕಟೆಯಾಗಿ ಬರುವ ಲಾಭ ಇನ್ನೂ ದೊಡ್ಡದು. ಕೋಣೆ ಬಿಸಿಯಾದರೆ ಎರಡೂ ಗೇಜ್‌ಗಳ ರೋಧ ಒಂದೇ ರೀತಿ ಬದಲಾಗುತ್ತದೆ. R1/R2 ಹಾಗೇ ಉಳಿಯುತ್ತದೆ, ಮೀಟರ್ ಅಲುಗುವುದಿಲ್ಲ. ಬಾಗುವಿಕೆ ಮಾತ್ರ ಎರಡನ್ನೂ ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ನಿಮಗೆ ಬೇಕಾದದ್ದು ಅದೇ ಅಲ್ವಾ?

ಕಟ್ಟುವ ಕೆಲಸ

ಗೇಜ್ ಅಂಟಿಸುವ ಜಾಗವನ್ನು ಸಣ್ಣ ಎಮರಿ ಕಾಗದದಿಂದ ಉಜ್ಜಿ, ಎಣ್ಣೆ ಪಸೆ ಪೂರ್ತಿ ಹೋಗುವಂತೆ ಒರೆಸಿ. ಗೇಜ್ ಜೊತೆ ಹೇಳಿರುವ ಅಂಟನ್ನೇ ಬಳಸಿ, ತೆಳುವಾಗಿ ಹಚ್ಚಿ ಒತ್ತಿ ಹಿಡಿಯಿರಿ. ಒಣಗಿದ ಮೇಲೆ ಎರಡು ಪರೀಕ್ಷೆ ಮಾಡಿ. ಗೇಜ್‌ನ ರೋಧ 350ರ ಆಸುಪಾಸು ಇದೆಯೇ ನೋಡಿ. ಆಮೇಲೆ ಗೇಜ್ ತುದಿ ಮತ್ತು ಉಕ್ಕಿನ ಪಟ್ಟಿಯ ನಡುವೆ ಮೀಟರ್ ಇಡಿ. ಅಲ್ಲಿ ಮೀಟರ್ ಏನೂ ತೋರಿಸಬಾರದು. ತೋರಿಸಿದರೆ ಗೇಜ್ ಲೋಹಕ್ಕೆ ತಾಗಿದೆ, ತೆಗೆದು ಹೊಸದು ಅಂಟಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

ಗೇಜ್ ಜೋಡಿಯಿಂದ ಮೂರು ತಂತಿ ತನ್ನಿ: ಮೇಲಿನ ಗೇಜ್‌ನ ತುದಿಯಿಂದ ಒಂದು, ಎರಡೂ ಸೇರುವ A ಬಿಂದುವಿನಿಂದ ಒಂದು, ಕೆಳಗಿನ ಗೇಜ್‌ನ ತುದಿಯಿಂದ ಒಂದು. ಮೂರೂ ಒಂದೇ ಜಾತಿಯ, ಒಂದೇ ಉದ್ದದ ತಂತಿ ಇರಲಿ, ಹೆಣೆದುಕೊಂಡೇ ಬರಲಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.39 ಏರುತ್ತದೆ. ಒಂದೇ ತೋಳಿನಲ್ಲಿ 1 ಓಮ್ ತಂತಿ ಇದ್ದು ಅದು 10 ಡಿಗ್ರಿ ಬಿಸಿಯಾದರೆ 0.039 ಓಮ್ ಸೇರಿತು. ಅದು 56 ಮೈಕ್ರೋಸ್ಟ್ರೇನ್‌ಗೆ ಸಮ. ಮೂರು ತಂತಿ ಕಟ್ಟಿದಾಗ R1 ಕಡೆ ಒಂದು, R2 ಕಡೆ ಒಂದು ತಂತಿ ಬರುತ್ತದೆ. ಎರಡೂ ಸಮವಾಗಿ ಬಿಸಿಯಾದರೆ ಒಂದನ್ನೊಂದು ಹೊಡೆದುಹಾಕುತ್ತವೆ. ನಡುವಿನ ತಂತಿ ಮೀಟರಿಗೆ ಹೋಗುವುದರಿಂದ ಅದರಲ್ಲಿ ಕರೆಂಟೇ ಹೆಚ್ಚುಕಮ್ಮಿ ಇರುವುದಿಲ್ಲ, ಅದರ ರೋಧ ಲೆಕ್ಕಕ್ಕೆ ಬರುವುದಿಲ್ಲ.

R3, R4 ಜಾಗಕ್ಕೆ ಶೇಕಡ 0.1ರ, ಶಾಖಕ್ಕೆ ಕಮ್ಮಿ ಬದಲಾಗುವ ಎರಡು 1 ಕಿಲೋಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ. ಎರಡನ್ನೂ ಪಕ್ಕಪಕ್ಕ ಇಡಿ, ಒಂದೇ ಬಿಸಿಯಲ್ಲಿರಲಿ.

ಈಗ ಸಮತೋಲ ಮಾಡುವ ಭಾಗ. ಪ್ಲಸ್ ಮತ್ತು ಮೈನಸ್ ನಡುವೆ 10 ಕಿಲೋಓಮ್‌ನ ಬಹುಸುತ್ತಿನ ಟ್ರಿಮ್ ಪಾಟ್ ಹಾಕಿ. ಅದರ ನಡುಕಾಲಿನಿಂದ 100 ಕಿಲೋಓಮ್ ಮೂಲಕ B ಬಿಂದುವಿಗೆ ಕಟ್ಟಿ. ಪಾಟ್ ಒಂದು ತುದಿಗೆ ತಿರುಗಿದಾಗ 100 ಕಿಲೋಓಮ್ ಆ ಕಡೆಯ 1 ಕಿಲೋಓಮ್‌ಗೆ ಸಮಾಂತರವಾಗಿ ಕೂರುತ್ತದೆ, ಆ ತೋಳು ಸುಮಾರು ಶೇಕಡ 1ರಷ್ಟು ಕಮ್ಮಿಯಾದಂತೆ. ಎರಡೂ ಕಡೆಗೆ ತಲಾ ಸುಮಾರು 12 ಮಿಲಿವೋಲ್ಟ್ ಹೊಂದಿಸಿಕೊಳ್ಳಬಹುದು. ಪಾಟನ್ನು ನೇರವಾಗಿ ತೋಳಿನೊಳಗೆ ಸರಣಿಯಲ್ಲಿ ಹಾಕಬೇಡಿ. ಅದರ ಜಾರುವ ಕಾಲಿನ ಸಂಪರ್ಕ ರೋಧ ಯಾವಾಗಲೂ ಸ್ವಲ್ಪ ಅಲ್ಲಾಡುತ್ತಿರುತ್ತದೆ, ಆ ಅಲ್ಲಾಟ ನೇರವಾಗಿ ನಿಮ್ಮ ಸಂಕೇತದಲ್ಲಿ ಕಾಣುತ್ತದೆ. 100 ಕಿಲೋಓಮ್ ಹಿಂದೆ ಅದು ಮುಚ್ಚಿಹೋಗುತ್ತದೆ.

5 ವೋಲ್ಟ್ ಕೊಡಿ. ಮಲ್ಟಿಮೀಟರನ್ನು 200 ಮಿಲಿವೋಲ್ಟ್ ರೇಂಜ್‌ಗೆ ಇಟ್ಟು ಕೆಂಪು ತಂತಿ B ಗೆ, ಕಪ್ಪು A ಗೆ ಹಚ್ಚಿ. ಕೆಲವು ನಿಮಿಷ ಬಿಡಿ, ಗೇಜ್ ತನ್ನ ಬಿಸಿಗೆ ಹೊಂದಿಕೊಳ್ಳಲಿ. ಆಮೇಲೆ ಪಾಟ್ ತಿರುಗಿಸಿ 0.0 ಮಾಡಿ. 1 ಕೆಜಿ ತೂಗುಹಾಕಿ. 1.3 ಕಾಣಬೇಕು. ಅದೇ ಸಾದಾ ಮೀಟರ್ ಈಗ ಬದಲಾವಣೆಯನ್ನು ತೋರಿಸುತ್ತಿದೆ.

ಇನ್ನೂ ಸಣ್ಣದು ಬೇಕಿದ್ದರೆ ಇನ್‌ಸ್ಟ್ರುಮೆಂಟೇಷನ್ ಆಂಪ್ಲಿಫೈಯರ್ ಅಥವಾ HX711 ತರಹದ 24 ಬಿಟ್ ಚಿಪ್ ಹಾಕಿ. ಚಿಪ್‌ನ ರೆಫರೆನ್ಸ್ ಮತ್ತು ಬ್ರಿಡ್ಜಿನ ಸಪ್ಲೈ ಒಂದೇ ಆಗಿರುವಂತೆ ನೋಡಿಕೊಳ್ಳಿ. ಆಗ ಸಪ್ಲೈ ಸ್ವಲ್ಪ ಅಲುಗಿದರೂ ಸಂಕೇತ ಮತ್ತು ಅಳತೆಗೋಲು ಎರಡೂ ಒಟ್ಟಿಗೆ ಬದಲಾಗುತ್ತವೆ, ತೂಕ ಇಟ್ಟಾಗಿನ ಓದಿಗೂ ರಕ್ಷಣೆ ಸಿಗುತ್ತದೆ. ರೆಡಿಮೇಡ್ ಮಾಡ್ಯೂಲ್ ಆದರೆ ಬ್ರಿಡ್ಜಿಗೆ ನಿಜವಾಗಿ ಎಷ್ಟು ವೋಲ್ಟ್ ಹೋಗುತ್ತಿದೆ ಅಂತ ಅಳೆದು ನೋಡಿ. 5 ಇರುತ್ತದೆಂದು ಊಹಿಸಿ ಲೆಕ್ಕ ಹಾಕಬೇಡಿ.

ತೂಕವಿಲ್ಲದೆ ಪರೀಕ್ಷೆ

ಒಂದು 180 ಕಿಲೋಓಮ್ ರೆಸಿಸ್ಟರ್ ತೆಗೆದು R2ಗೆ, ಅಂದರೆ ಕೆಳಗಿನ ಗೇಜ್‌ಗೆ ಸಮಾಂತರವಾಗಿ ಹಿಡಿಯಿರಿ.

```
ΔR = R² / (R + Rp) = 350² / (350 + 180000) ≈ 0.679 ಓಮ್
x  = 0.679 / 350 ≈ 0.00194
V  ≈ 5 × 0.00194 / 4 ≈ 2.43 mV
```

ಮೀಟರ್ 2.4 ತೋರಿಸಿದರೆ ತಂತಿ, ಸಪ್ಲೈ, ಬ್ರಿಡ್ಜ್ ಎಲ್ಲ ಸರಿ. ನಮ್ಮ ಪಟ್ಟಿಯಲ್ಲಿ ಇದು ಸುಮಾರು 1.86 ಕೆಜಿಗೆ ಸಮ. ಆದರೆ ಈ ಪರೀಕ್ಷೆ ಅಂಟಿನ ಬಗ್ಗೆ ಏನೂ ಹೇಳುವುದಿಲ್ಲ. ಗೇಜ್ ಅರ್ಧ ಎದ್ದಿದ್ದರೂ 2.4 ಬರುತ್ತದೆ. ರೆಸಿಸ್ಟರ್‌ಗೆ ಸರಿಯಾದ ಓದು ಬಂದು ನಿಜವಾದ ತೂಕಕ್ಕೆ ಕಮ್ಮಿ ಬಂದರೆ ಮೊದಲು ಅಂಟಿನ ಮೇಲೆ, ಆಮೇಲೆ ವೈಸ್ ಹಿಡಿತದ ಮೇಲೆ ಅನುಮಾನ ಪಡಿ.

ಎಲ್ಲಿ ಕೈಕೊಡುತ್ತದೆ, ಹೇಗೆ ಗೊತ್ತಾಗುತ್ತದೆ

ಮಿಲಿವೋಲ್ಟ್ ಬದಲು 2.5 ವೋಲ್ಟ್ ಆಸುಪಾಸು ಬಂದು ನಿಂತಿದ್ದರೆ ಯಾವುದೋ ಒಂದು ತೋಳು ಕಡಿದಿದೆ ಅಥವಾ ಶಾರ್ಟ್ ಆಗಿದೆ. A ಮತ್ತು B ಎರಡನ್ನೂ ಸಪ್ಲೈಯ ಮೈನಸ್ಸಿಗೆ ಹೋಲಿಸಿ ಅಳೆಯಿರಿ. ಯಾವುದು 2.5 ಇಲ್ಲವೋ ಆ ಕಡೆ ಹುಡುಕಿ.

ತಂತಿ ಮುಟ್ಟಿದರೆ ಓದು ಹಾರಿದರೆ ಬೆಸುಗೆ ಸರಿಯಿಲ್ಲ. ಇದನ್ನು ಸಣ್ಣದೆಂದು ಬಿಡಬೇಡಿ. 0.01 ಓಮ್ ಅಲ್ಲಾಟ 14 ಮೈಕ್ರೋಸ್ಟ್ರೇನ್. ಮೇಲಿನ ಗೇಜ್‌ಗೆ 55 ಗ್ರಾಂ ತೂಕ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಬ್ರೆಡ್‌ಬೋರ್ಡ್ ಮೇಲೆ ಬ್ರಿಡ್ಜ್ ಕಟ್ಟಿ ಓದು ನಿಲ್ಲುತ್ತಿಲ್ಲ ಅಂತ ತಲೆಕೆಡಿಸಿಕೊಳ್ಳುವವರಿಗೆ ಕಾರಣ ಬಹುತೇಕ ಇದೇ. ತೋಳುಗಳೊಳಗೆ ಒಂದೂ ಒತ್ತು ಸಂಪರ್ಕ ಇರಬಾರದು, ಎಲ್ಲ ಬೆಸುಗೆ ಹಾಕಿ.

ಸ್ವಿಚ್ ಹಾಕಿದ ಮೇಲೆ ಓದು ಒಂದೇ ದಿಕ್ಕಿಗೆ ನಿಧಾನವಾಗಿ ಸರಿದು ಕೊನೆಗೆ ನಿಂತರೆ ಅದು ಗೇಜ್‌ನ ಸ್ವಂತ ಬಿಸಿ. ಸಪ್ಲೈ ಅರ್ಧಕ್ಕೆ ಇಳಿಸಿ ನೋಡಿ. ಸರಿದಾಟ ಅರ್ಧಕ್ಕಿಂತ ತುಂಬಾ ಕಮ್ಮಿಯಾದರೆ ಅನುಮಾನ ನಿಜ. ತೂಕ ತೆಗೆದ ಮೇಲೆ ಸೊನ್ನೆಗೆ ವಾಪಸ್ ಬರದಿದ್ದರೆ ಅಂಟು ಜಾರುತ್ತಿದೆ.

ಇನ್ನೊಂದು ಕಳ್ಳ ಇದೆ. ಗೇಜ್‌ನ ಲೋಹ ಬೇರೆ, ತಂತಿಯ ತಾಮ್ರ ಬೇರೆ. ಕಾನ್‌ಸ್ಟಂಟನ್ ಗೇಜ್ ಮತ್ತು ತಾಮ್ರ ಸೇರುವ ಎರಡು ಜೋಡಣೆಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಸುಮಾರು 40 ಮೈಕ್ರೋವೋಲ್ಟ್ ತಾನಾಗಿ ಹುಟ್ಟುತ್ತದೆ. ಇದನ್ನು ಹಿಡಿಯಲು ಬ್ರಿಡ್ಜಿನ ಸಪ್ಲೈ ತಂತಿಗಳನ್ನು ಅದಲುಬದಲು ಮಾಡಿ. ನಿಜವಾದ ಸಂಕೇತದ ಚಿಹ್ನೆ ತಿರುಗುತ್ತದೆ, ಈ ಉಷ್ಣ ವೋಲ್ಟೇಜ್ ತಿರುಗುವುದಿಲ್ಲ. ಎರಡು ಓದುಗಳ ವ್ಯತ್ಯಾಸವನ್ನು ಅರ್ಧ ಮಾಡಿದರೆ ಶುದ್ಧ ಸಂಕೇತ ಸಿಗುತ್ತದೆ.

ಬದಲಾವಣೆ ದೊಡ್ಡದಾದಾಗ ಮಾತ್ರ ಈ ಬ್ರಿಡ್ಜನ್ನು ಕಣ್ಣು ಮುಚ್ಚಿ ನಂಬಬೇಡಿ. ಮೇಲಿನ ಸೂತ್ರದ ಕೆಳಗಿರುವ 2x ಅನ್ನು ನಾವು ಬಿಟ್ಟುಬಿಟ್ಟೆವು. ನಮ್ಮ ಪಟ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಅದೂ ಅಲ್ಲದೆ ವಿರುದ್ಧ ದಿಕ್ಕಿನಲ್ಲಿ ಬದಲಾಗುವ ಎರಡು ಗೇಜ್ ಇದ್ದಾಗ R1+R2 ಮೊತ್ತ ಹಾಗೇ ಉಳಿಯುವುದರಿಂದ ಆ ದೋಷ ಪೂರ್ತಿ ಹೋಗುತ್ತದೆ. ಆದರೆ ಒಂದೇ ತೋಳಿನಲ್ಲಿ ಪಿಟಿ100 ತಾಪಮಾಪಕ ಇಟ್ಟು, ಉಳಿದ ಮೂರು ತೋಳಿನಲ್ಲಿ 100 ಓಮ್ ಹಾಕಿ, ಸೊನ್ನೆ ಡಿಗ್ರಿಯಲ್ಲಿ ಸಮತೋಲ ಮಾಡಿ, 100 ಡಿಗ್ರಿಗೆ ಹೋದರೆ ರೋಧ 100ರಿಂದ 138.5 ಓಮ್ ಆಗುತ್ತದೆ. ಆಗ ನಿಜವಾದ ವೋಲ್ಟೇಜ್ x/4 ಲೆಕ್ಕಕ್ಕಿಂತ ಶೇಕಡ 16ರಷ್ಟು ಕಮ್ಮಿ ಬರುತ್ತದೆ. ಅಂಥ ಕಡೆ ಪೂರ್ತಿ ಸೂತ್ರವನ್ನೇ ಬಳಸಿ, ಅಥವಾ ಬ್ರಿಡ್ಜ್ ಬಿಟ್ಟು ಸ್ಥಿರ ಕರೆಂಟ್ ಕಳಿಸಿ ನಾಲ್ಕು ತಂತಿಯಲ್ಲಿ ಅಳೆಯಿರಿ.